ಗೆದ್ದ ದುಡ್ಡಿಗೆ ಖರ್ಚಿನ ಲೆಕ್ಕವಿಲ್ಲ

ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರುವಂತಿಲ್ಲ. ಆದರೂ ಗಡಿ ದಾಟಿ ಕಾಸರಗೋಡಿಗೋ ವಯನಾಡಿಗೋ ಹೋದವರು ಕೇರಳ ಸರ್ಕಾರದ ಟಿಕೆಟ್ ಒಂದನ್ನು ಕಿಸೆಗೆ ಹಾಕಿಕೊಂಡು ಬರುವುದು ನಿಂತಿಲ್ಲ. 2024ರ ಓಣಂ ಬಂಪರ್‌ನ ಮೊದಲ ಬಹುಮಾನ 25 ಕೋಟಿ ರೂಪಾಯಿ ಕರ್ನಾಟಕದವರೊಬ್ಬರ ಪಾಲಾಯಿತು. ಟಿಕೆಟ್ಟಿನ ಬೆಲೆ 500 ರೂಪಾಯಿ. ಸುದ್ದಿಯ ಹಿಂದೆಯೇ ಒಂದು ಲೆಕ್ಕವೂ ಹರಿದಾಡಿತು: 25 ಕೋಟಿಯಲ್ಲಿ ಕೊನೆಗೆ ಕೈಗೆ ಉಳಿಯುವುದು 12 ಕೋಟಿ 88 ಲಕ್ಷ ಮಾತ್ರ. ಅರ್ಧದಷ್ಟು ಎಲ್ಲಿ ಹೋಯಿತು ಎಂದು ಹಲವರು ಹುಬ್ಬೇರಿಸಿದರು. ಆ ಲೆಕ್ಕವನ್ನು ಬಿಡಿಸಿ ನೋಡಿದರೆ ಆಟದಲ್ಲಿ ಗೆದ್ದ ಹಣವನ್ನು ನಮ್ಮ ಆದಾಯ ತೆರಿಗೆ ಕಾನೂನು ಹೇಗೆ ನೋಡುತ್ತದೆ ಎಂಬುದು ತಿಳಿಯುತ್ತದೆ. ಗೆದ್ದವರು ಎಡವುವ ಜಾಗವೂ ಅಲ್ಲೇ ಇದೆ.

25 ಕೋಟಿಯಲ್ಲಿ ಮೊದಲು ಹೋಗುವುದು ಟಿಕೆಟ್ ಮಾರಿದ ಏಜೆಂಟರ ಕಮಿಷನ್, ನೂರಕ್ಕೆ ಹತ್ತು. ಎರಡೂವರೆ ಕೋಟಿ ಕಳೆದು ಉಳಿದದ್ದು 22 ಕೋಟಿ 50 ಲಕ್ಷ. ಕೇರಳದ ಲಾಟರಿ ಇಲಾಖೆ ಇದರ ಮೇಲೆ ಶೇಕಡಾ 30ರಂತೆ 6 ಕೋಟಿ 75 ಲಕ್ಷವನ್ನು ಮೂಲದಲ್ಲೇ ತೆರಿಗೆಯಾಗಿ ಹಿಡಿದುಕೊಂಡು 15 ಕೋಟಿ 75 ಲಕ್ಷವನ್ನು ಗೆದ್ದವರ ಬ್ಯಾಂಕ್ ಖಾತೆಗೆ ಹಾಕುತ್ತದೆ. ತೆರಿಗೆ ಮುಗಿಯಿತು ಎಂದು ಬಹುಮಂದಿ ತಿಳಿಯುವುದು ಇಲ್ಲಿ. ಮುಗಿದಿರುವುದಿಲ್ಲ. ಹಿಡಿದುಕೊಂಡದ್ದು ಮೂಲ ತೆರಿಗೆಯಷ್ಟೇ. ದೊಡ್ಡ ಆದಾಯದ ಮೇಲೆ ಬೀಳುವ ಸರ್ಚಾರ್ಜ್ ಮತ್ತು ಶೇಕಡಾ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಅದರಲ್ಲಿ ಸೇರಿಲ್ಲ. ಅವನ್ನು ಗೆದ್ದವರೇ ಲೆಕ್ಕ ಹಾಕಿ ಕಟ್ಟಬೇಕು.

ಹರಿದಾಡಿದ 12.88 ಕೋಟಿಯ ಲೆಕ್ಕ ಹಳೆಯ ತೆರಿಗೆ ಪದ್ಧತಿಯದು. ಅದರಲ್ಲಿ 5 ಕೋಟಿ ಮೀರಿದ ಆದಾಯಕ್ಕೆ ಸರ್ಚಾರ್ಜ್, ಮೂಲ ತೆರಿಗೆಯ ಶೇಕಡಾ 37. ಎಲ್ಲ ಸೇರಿ ತೆರಿಗೆ 9 ಕೋಟಿ 61 ಲಕ್ಷ ದಾಟುತ್ತದೆ. ಹೊಸ ಪದ್ಧತಿಯಲ್ಲಿ ಸರ್ಚಾರ್ಜ್ ಎಷ್ಟೇ ಏರಿದರೂ ಶೇಕಡಾ 25ಕ್ಕೆ ನಿಲ್ಲುತ್ತದೆ. ಹಾಗಾಗಿ ಅದೇ ಬಹುಮಾನಕ್ಕೆ 6.75 ಕೋಟಿ ಮೂಲ ತೆರಿಗೆ, ಅದರ ಮೇಲೆ 1 ಕೋಟಿ 68 ಲಕ್ಷದ 75 ಸಾವಿರ ಸರ್ಚಾರ್ಜ್, ಇವೆರಡರ ಮೇಲೆ 33 ಲಕ್ಷದ 75 ಸಾವಿರ ಸೆಸ್: ಒಟ್ಟು 8 ಕೋಟಿ 77 ಲಕ್ಷದ 50 ಸಾವಿರ. ಕೈಗೆ ಉಳಿಯುವುದು 13 ಕೋಟಿ 72 ಲಕ್ಷದ 50 ಸಾವಿರ. ಎರಡು ಪದ್ಧತಿಗಳ ನಡುವೆ 84 ಲಕ್ಷಕ್ಕೂ ಹೆಚ್ಚು ವ್ಯತ್ಯಾಸವಿದೆ. ನಾವಾಗಿ ಹಳೆಯದನ್ನು ಆರಿಸಿಕೊಳ್ಳದಿದ್ದರೆ ಈಗ ಅನ್ವಯಿಸುವುದು ಹೊಸ ಪದ್ಧತಿಯೇ. ವರ್ಷಗಳಿಂದ ಹಳೆಯ ಪದ್ಧತಿಯಲ್ಲೇ ರಿಟರ್ನ್ಸ್ ಸಲ್ಲಿಸಿದ ಅಭ್ಯಾಸದಿಂದ ಗೆದ್ದ ವರ್ಷವೂ ಅದನ್ನೇ ಆರಿಸಿದರೆ ಆ 84 ಲಕ್ಷ ಸುಮ್ಮನೆ ಕೈಬಿಟ್ಟಂತೆ.

ಹೊಸ ಪದ್ಧತಿಯಲ್ಲೂ, ಖಾತೆಗೆ ಬಂದ 15.75 ಕೋಟಿಯಲ್ಲಿ 2 ಕೋಟಿ 2 ಲಕ್ಷದ 50 ಸಾವಿರ ಗೆದ್ದವರದಲ್ಲ, ಸರ್ಕಾರದ್ದು. ಡ್ರಾ ಆದ ಮೇಲೆ ಬರುವ ಮುಂಗಡ ತೆರಿಗೆಯ ಕಂತುಗಳಲ್ಲಿ ಇದನ್ನು ಕಟ್ಟಬೇಕು. ಲಾಟರಿ ಯಾವಾಗ ಹೊಡೆಯುತ್ತದೆ ಎಂದು ಯಾರೂ ಮೊದಲೇ ಅಂದಾಜು ಮಾಡಲಾರರು. ಅದನ್ನು ಕಾನೂನೂ ಒಪ್ಪುತ್ತದೆ. ಗೆಲ್ಲುವ ಮುಂಚಿನ ಕಂತು ಕಟ್ಟಲಿಲ್ಲ ಎಂದು ಬಡ್ಡಿ ಹಾಕುವುದಿಲ್ಲ. ಗೆದ್ದ ಮೇಲಿನ ಕಂತುಗಳಲ್ಲಿ, ಕಂತು ಉಳಿದಿಲ್ಲದಿದ್ದರೆ ಮಾರ್ಚ್ 31ರೊಳಗೆ, ಪೂರ್ತಿ ಕಟ್ಟಿರಬೇಕು ಅಷ್ಟೆ. ಕಟ್ಟದಿದ್ದರೆ ಏಪ್ರಿಲ್‌ನಿಂದ ತಿಂಗಳಿಗೆ ಶೇಕಡಾ ಒಂದರಂತೆ ಬಡ್ಡಿ ಶುರು. ಈ ಲೆಕ್ಕದಲ್ಲಿ ಅದು ತಿಂಗಳಿಗೆ 2 ಲಕ್ಷ ರೂಪಾಯಿಗೂ ಮೇಲೆ. ಬಂದ ಹಣವನ್ನೆಲ್ಲ ಜಮೀನಿಗೆ, ಮನೆಗೆ, ನೆಂಟರ ಸಾಲಕ್ಕೆ ಹಾಕಿ, ಮುಂದಿನ ಜುಲೈನಲ್ಲಿ ಆಡಿಟರ್ ಮುಂದೆ ಕುಳಿತಾಗ ಈ ಬಾಕಿ ತಿಳಿದರೆ ಕೊಂಡದ್ದನ್ನೇ ಮಾರಬೇಕಾದೀತು.

ಇದು ಕೋಟಿಗಳ ಮಾತಾಯಿತು. ನಿಯಮದ ಬಿಗಿ ನಿಜವಾಗಿ ತಿಳಿಯುವುದು ಸಣ್ಣ ಗೆಲುವಿನಲ್ಲಿ. ಬೇರೆ ಯಾವ ಆದಾಯವೂ ಇಲ್ಲದ ಗೃಹಿಣಿಯೊಬ್ಬರಿಗೆ ಕಮಿಷನ್ ಕಳೆದು ಒಂದು ಲಕ್ಷ ರೂಪಾಯಿ ಬಹುಮಾನ ಬಂತೆನ್ನಿ. ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ ಎಂದು ಪಕ್ಕದ ಮನೆಯವರು ಧೈರ್ಯ ಹೇಳಿಯಾರು. ಆ ಮಾತು ಇಲ್ಲಿ ನಡೆಯುವುದಿಲ್ಲ. ಲಾಟರಿ, ಪದಬಂಧ, ಕುದುರೆ ರೇಸು, ಇಸ್ಪೀಟು, ಬಾಜಿ ಇವುಗಳ ಗೆಲುವನ್ನು ಕಾನೂನು ಬೇರೆ ಆದಾಯದಿಂದ ಪ್ರತ್ಯೇಕಿಸಿ ಅದಕ್ಕೆ ಒಂದೇ ದರ ನಿಗದಿ ಮಾಡಿದೆ. ಮೊದಲ ಇಷ್ಟು ಲಕ್ಷಕ್ಕೆ ತೆರಿಗೆ ಇಲ್ಲ ಎಂಬ ವಿನಾಯಿತಿ ಮಿತಿ ಅದಕ್ಕೆ ತಾಗುವುದಿಲ್ಲ, ಹನ್ನೆರಡು ಲಕ್ಷದವರೆಗಿನ ರಿಬೇಟೂ ಸಿಗುವುದಿಲ್ಲ. ಆಕೆ 30,000 ರೂಪಾಯಿ ತೆರಿಗೆ, 1,200 ರೂಪಾಯಿ ಸೆಸ್, ಒಟ್ಟು 31,200 ಕಟ್ಟಬೇಕು. ಕೋಟ್ಯಧೀಶನೊಬ್ಬನಿಗೆ ಅದೇ ಲಕ್ಷ ಬಂದರೂ ಮೂಲ ದರ ಅದೇ ಮೂವತ್ತು. ಒಂದೇ ಸಲಕ್ಕೆ 10,000 ರೂಪಾಯಿ ಮೀರದ ಬಹುಮಾನದಲ್ಲಿ ಮೂಲದಲ್ಲಿ ತೆರಿಗೆ ಹಿಡಿಯುವುದಿಲ್ಲ, ನಿಜ. ಆದರೆ ಹಿಡಿಯಲಿಲ್ಲ ಎಂದರೆ ತೆರಿಗೆ ಇಲ್ಲ ಎಂದಲ್ಲ. ರಿಟರ್ನ್ಸ್‌ನಲ್ಲಿ ಅದನ್ನೂ ತೋರಿಸಬೇಕು.

ಟೀವಿಯ ರಸಪ್ರಶ್ನೆ ಕಾರ್ಯಕ್ರಮಗಳೂ ಇದರೊಳಗೇ ಬರುತ್ತವೆ. ಪುನೀತ್ ರಾಜ್‌ಕುಮಾರ್ ನಡೆಸಿಕೊಡುತ್ತಿದ್ದ ‘ಕನ್ನಡದ ಕೋಟ್ಯಧಿಪತಿ’ಯಂಥ ಸ್ಪರ್ಧೆಯಲ್ಲಿ ಗೆದ್ದ ಹಣ ಓದಿನ ಫಲವೇ ಇರಬಹುದು, ಅದೃಷ್ಟದ್ದಲ್ಲದಿರಬಹುದು. ಆದರೂ ಬಹುಮಾನಕ್ಕಾಗಿ ಜನ ಸ್ಪರ್ಧಿಸುವ ಟೀವಿ ಕಾರ್ಯಕ್ರಮವೂ ‘ಆಟ’ವೇ ಎಂದು ಕಾನೂನು ಸ್ಪಷ್ಟವಾಗಿ ಬರೆದುಕೊಂಡಿದೆ. ಬಹುಮಾನವಾಗಿ ಕಾರು ಬಂದರೆ ಅದರ ಬೆಲೆಯ ಮೇಲಿನ ತೆರಿಗೆ ಕಟ್ಟಿಸಿಕೊಂಡ ಮೇಲೆಯೇ ಕೀಲಿಕೈ ಕೊಡಬೇಕು. ಗೆದ್ದವರ ಹತ್ತಿರ ಅಷ್ಟು ನಗದು ಇಲ್ಲದಿದ್ದರೆ ಅದನ್ನು ಹೊಂದಿಸುವ ಹೊಣೆಯೂ ಅವರದೇ.

ಇನ್ನು ಜನರಿಗೆ ಬಹಳ ಅನ್ಯಾಯವೆನಿಸುವ ಭಾಗ. ಈ ಗೆಲುವಿನಿಂದ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಟಿಕೆಟ್ಟಿನ ಬೆಲೆಯನ್ನಾಗಲಿ, ಸೋತ ಟಿಕೆಟ್ಟುಗಳ ಹಣವನ್ನಾಗಲಿ, ಬಹುಮಾನ ಪಡೆಯಲು ತಿರುವನಂತಪುರಕ್ಕೆ ಹೋಗಿಬಂದ ರೈಲು ಖರ್ಚನ್ನಾಗಲಿ ತೋರಿಸಿದರೆ ಒಪ್ಪುವುದಿಲ್ಲ. ಅಂಗಡಿಯಲ್ಲಿ ಆದ ನಷ್ಟವನ್ನೂ ಇದರಲ್ಲಿ ಹೊಂದಿಸಿಕೊಳ್ಳಲಾಗದು. ಹಾಗಾದರೆ ಏಜೆಂಟರ ಕಮಿಷನ್ ಮಾತ್ರ ಹೇಗೆ ಕಳೆಯಿತು ಎಂದು ಕೇಳಬಹುದು. ಅದು ಗೆದ್ದವರು ಮಾಡಿದ ಖರ್ಚಲ್ಲ. ಲಾಟರಿಯ ನಿಯಮದಂತೆ ಆ ಪಾಲು ಗೆದ್ದವರ ಕೈಗೆ ಬರುವ ಮೊದಲೇ ಏಜೆಂಟರ ಕಡೆ ತಿರುಗಿಬಿಡುತ್ತದೆ. ಕೈಗೆ ಬಂದ ಮೇಲೆ ತಾವಾಗಿ ಕೊಟ್ಟದ್ದು ಯಾವುದೂ ಹಾಗೆ ಕಳೆಯುವುದಿಲ್ಲ.

ಇದು ಎಲ್ಲಿಗೆ ಮುಟ್ಟುತ್ತದೆ ನೋಡಿ. ಗಡಿಯ ಊರಿನ ಕೂಲಿಯವನೊಬ್ಬ ದಿನಾ 50 ರೂಪಾಯಿಯ ನಾಲ್ಕು ಟಿಕೆಟ್ ಕೊಳ್ಳುತ್ತಾನೆ ಎಂದುಕೊಳ್ಳೋಣ. ವರ್ಷಕ್ಕೆ 73,000 ರೂಪಾಯಿ. ಒಂದು ಸಲ ಅವನಿಗೆ ಒಂದು ಲಕ್ಷ ಬಂತು. ಊರ ಲೆಕ್ಕದಲ್ಲಿ ಅವನ ಲಾಭ 27,000. ತೆರಿಗೆ 31,200. ಲಾಟರಿ ಗೆದ್ದ ವರ್ಷದಲ್ಲೇ ಅವನು 4,200 ರೂಪಾಯಿ ಕಳೆದುಕೊಂಡ. ಅಂಗಡಿ, ಹೋಟೆಲು, ಲಾರಿ, ಯಾವ ವ್ಯಾಪಾರದ ಲಾಭದ ಮೇಲೂ ತೆರಿಗೆ ಹೀಗೆ ಲಾಭವನ್ನೇ ಮೀರುವುದಿಲ್ಲ. ಖರ್ಚು ಕಳೆದು ಉಳಿದದ್ದೇ ಆದಾಯ ಎಂಬ ಸಾಮಾನ್ಯ ನಿಯಮವನ್ನು ಇಲ್ಲಿ ಬೇಕೆಂದೇ ಮುರಿಯಲಾಗಿದೆ.

ಏಕೆ? ಜೂಜಾಟವನ್ನು ಸರ್ಕಾರ ಪ್ರೋತ್ಸಾಹಿಸಬಾರದು ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಂತರೆ ಸಾಲದು. ಜೂಜು ತಡೆಯುವುದೇ ಗುರಿಯಾಗಿದ್ದರೆ ಸರ್ಕಾರಗಳೇ ಲಾಟರಿ ನಡೆಸುವುದೇಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಗಟ್ಟಿಯಾದ ಕಾರಣ ಲಾಟರಿ ಟಿಕೆಟ್ಟಿನ ಸ್ವಭಾವದಲ್ಲೇ ಇದೆ. ಆ ಕಾಗದದ ಮೇಲೆ ಕೊಂಡವರ ಹೆಸರಿರುವುದಿಲ್ಲ. ಡ್ರಾ ಮುಗಿದ ಸಂಜೆ ಲಾಟರಿ ಅಂಗಡಿಯ ಮುಂದಿನ ರಸ್ತೆ ನೋಡಿದವರಿಗೆ ಗೊತ್ತು, ಸೋತ ಟಿಕೆಟ್ಟುಗಳು ಕಸದಂತೆ ಬಿದ್ದಿರುತ್ತವೆ. ಸೋತ ಟಿಕೆಟ್ಟಿನ ಹಣ ಕಳೆಯಬಹುದು ಎಂದು ಕಾನೂನು ಹೇಳಿದ ಮರುದಿನವೇ ಆ ಕಸಕ್ಕೆ ಬೆಲೆ ಬರುತ್ತದೆ. ಬಹುಮಾನ ಬಂದವನು ಚೀಲ ತುಂಬ ಸೋತ ಟಿಕೆಟ್ ತಂದು ಅಧಿಕಾರಿಯ ಮೇಜಿನ ಮೇಲೆ ಸುರಿದರೆ, ಅವೆಲ್ಲ ಅವನೇ ಕೊಂಡದ್ದೋ ಬೀದಿಯಲ್ಲಿ ಆರಿಸಿದ್ದೋ ಎಂದು ಹೇಳುವ ದಾರಿ ಯಾವುದೂ ಇಲ್ಲ. ಅಂಗಡಿಯವನು ಸರಕು ಕೊಂಡ ಬಿಲ್ಲಿನಲ್ಲಿ ಮಾರಿದವರ ಹೆಸರಿರುತ್ತದೆ, ಅವರ ಪುಸ್ತಕದಲ್ಲಿ ಅದೇ ಮೊತ್ತ ಜಮೆಯಾಗಿರುತ್ತದೆ. ಸೋಲಿಗೆ ಅಂಥ ಇನ್ನೊಂದು ಮುಖ ಇಲ್ಲ.

ಇನ್ನೊಂದು ಕಾರಣವೂ ಇದೆ. ಅಕ್ಕಿ ಮಾರಿ ಬಂದ ಹಣಕ್ಕೆ ಅಕ್ಕಿ ಕೊಂಡ ಖರ್ಚು ನೇರ ಕಾರಣ. ಆದರೆ ಜನವರಿಯಲ್ಲಿ ಸೋತ ಟಿಕೆಟ್ಟು ಅಕ್ಟೋಬರಿನ ಬಹುಮಾನವನ್ನು ತಂದುಕೊಡಲಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಆದಾಯ ತರಲೆಂದು ಮಾಡಿದ ಖರ್ಚು ಎಂಬ ಕಾನೂನಿನ ಅಳತೆಗೆ ಸೋತ ಟಿಕೆಟ್ಟು ನಿಲ್ಲುವುದು ಕಷ್ಟ.

ಒಂದೇ ದರದ ಕಾರಣವೂ ಇದೇ ಬೇರಿನಿಂದ ಹುಟ್ಟಿದ್ದು. ಹೆಸರಿಲ್ಲದ ಟಿಕೆಟ್ಟನ್ನು ಯಾರು ಬೇಕಾದರೂ ಹಿಡಿದು ತರಬಹುದು. ಗೆಲುವಿನ ಮೇಲೂ ಸಂಬಳದಂತೆ ಹಂತಹಂತದ ದರ ಇದ್ದಿದ್ದರೆ, ಆದಾಯ ಹೆಚ್ಚಿರುವವನು ಗೆದ್ದ ಟಿಕೆಟ್ಟನ್ನು ಆದಾಯವಿಲ್ಲದ ಅಜ್ಜಿಯ ಹೆಸರಿನಲ್ಲೋ ಮನೆಗೆಲಸದವರ ಹೆಸರಿನಲ್ಲೋ ಹಾಜರುಪಡಿಸಿ ತೆರಿಗೆ ತಪ್ಪಿಸಿಕೊಳ್ಳುತ್ತಿದ್ದ. ಯಾರು ತಂದರೂ ಮೂವತ್ತೇ ಎಂದಾಗ ಆ ಹೆಸರು ಬದಲಾವಣೆಯ ಲಾಭ ಬಹುಮಟ್ಟಿಗೆ ಹೋಗುತ್ತದೆ. ದೊಡ್ಡ ಬಹುಮಾನದ ಸರ್ಚಾರ್ಜಿನಲ್ಲಿ ಮಾತ್ರ ವ್ಯತ್ಯಾಸ ಉಳಿಯುತ್ತದೆ. ಒಂದೇ ದರ ಮತ್ತು ಕಡಿತವಿಲ್ಲ ಎಂಬ ಎರಡು ನಿಯಮಗಳನ್ನು ಬೇರೆಬೇರೆಯಾಗಿ ನೋಡಿದರೆ ಎರಡೂ ಕ್ರೂರವೆನಿಸುತ್ತವೆ. ಕೂಡಿಸಿ ನೋಡಿದಾಗ ಎರಡೂ ಒಂದೇ ಬಾಗಿಲಿಗೆ ಹಾಕಿದ ಬೀಗಗಳು.

ಆ ಬಾಗಿಲು ಒಂದು ಕಾಲದಲ್ಲಿ ಪೂರ್ತಿ ತೆರೆದೇ ಇತ್ತು. 1972ರವರೆಗೆ ಲಾಟರಿ, ರೇಸುಗಳ ಗೆಲುವು ಆಕಸ್ಮಿಕ ಆದಾಯವೆಂದು ಪರಿಗಣಿತವಾಗಿ ತೆರಿಗೆಯಿಂದ ಹೊರಗಿತ್ತು. ಆಗ ಗೆದ್ದ ಟಿಕೆಟ್ಟಿಗೆ ಬಹುಮಾನಕ್ಕಿಂತ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವವರಿದ್ದರು. ಲೆಕ್ಕಕ್ಕೆ ಸಿಗದ ಕಪ್ಪು ಹಣ ಕೊಟ್ಟು ಟಿಕೆಟ್ ಪಡೆದು, ರೇಸಿನಲ್ಲಿ ಗೆದ್ದೆ ಎಂದು ತೋರಿಸಿದರೆ ಆ ಹಣ ಬೆಳ್ಳಗಾಗಿ, ತೆರಿಗೆಯೂ ಇಲ್ಲದೆ ಪುಸ್ತಕಕ್ಕೆ ಬರುತ್ತಿತ್ತು.

ಇದರ ಒಂದು ಉದಾಹರಣೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1995ರಲ್ಲಿ ತೀರ್ಮಾನವಾಯಿತು. ಬೆಂಗಳೂರು, ಮದ್ರಾಸು, ಹೈದರಾಬಾದುಗಳ ರೇಸಿನಲ್ಲಿ ಜಾಕ್‌ಪಾಟ್ ಮೇಲೆ ಜಾಕ್‌ಪಾಟ್ ಗೆದ್ದದ್ದಾಗಿ ಒಬ್ಬ ತೆರಿಗೆದಾರರು ಒಂದೇ ವರ್ಷಕ್ಕೆ ಮೂರು ಲಕ್ಷಕ್ಕೂ ಮಿಕ್ಕಿದ ಹಣ ತೋರಿಸಿದ್ದರು. 1970ರ ಆಸುಪಾಸಿನ ಮೂರು ಲಕ್ಷ ಅದು. ರೇಸ್ ಕ್ಲಬ್ಬಿನ ಪ್ರಮಾಣಪತ್ರಗಳೂ ಇದ್ದವು. ಆದರೆ ಅವರ ಖಾತೆಯಲ್ಲಿ ಒಂದು ವಿಚಿತ್ರ ಕಂಡಿತು. ಗೆದ್ದ ಮೊತ್ತಗಳು ಪೂರ್ತಿ ಜಮೆಯಾಗಿದ್ದವು, ಟಿಕೆಟ್ ಕೊಂಡ ಖರ್ಚಾಗಲಿ ಸೋತ ಹಣವಾಗಲಿ ಒಂದು ಸಾಲೂ ಇರಲಿಲ್ಲ. ಸೋಲೇ ಇಲ್ಲದೆ ಗೆಲ್ಲುವ ಜೂಜುಗಾರರು ಎಲ್ಲಿದ್ದಾರೆ? ಗೆದ್ದ ಟಿಕೆಟ್ಟುಗಳನ್ನು ಆಮೇಲೆ ಕೊಂಡದ್ದೆಂದೇ ನಂಬಬೇಕಾಗುತ್ತದೆ ಎಂಬ ನಿಲುವನ್ನು ಕೋರ್ಟ್ ಎತ್ತಿಹಿಡಿಯಿತು. ತೆರಿಗೆ ಇಲ್ಲದ ಕಾಲದಲ್ಲಿ ಸೋಲನ್ನು ಮುಚ್ಚಿಡುತ್ತಿದ್ದರು. ಕಡಿತಕ್ಕೆ ಅವಕಾಶ ಕೊಟ್ಟ ಕಾಲದಲ್ಲಿ ಇಲ್ಲದ ಸೋಲನ್ನು ಹುಟ್ಟಿಸುತ್ತಾರೆ. ಎರಡೂ ಸಾಧ್ಯವಾಗುವುದು ಸೋಲಿಗೆ ಸಾಕ್ಷಿ ಇಲ್ಲದ್ದರಿಂದ.

1972ರಲ್ಲಿ ಗೆಲುವನ್ನು ಆದಾಯವೆಂದು ಕಾನೂನಿಗೆ ಸೇರಿಸಿದರೂ ಲಾಟರಿ ಗೆದ್ದವರಿಗೆ ದೊಡ್ಡ ರಿಯಾಯಿತಿಯೊಂದನ್ನು ಉಳಿಸಿದ್ದರು. 1986ರ ಹಣಕಾಸು ಕಾಯ್ದೆ ಅದನ್ನು ತೆಗೆದುಹಾಕಿ, ಶೇಕಡಾ 40ರ ಒಂದೇ ದರವನ್ನೂ ಯಾವ ಖರ್ಚೂ ಕಳೆಯುವಂತಿಲ್ಲ ಎಂಬ ಉಪನಿಯಮವನ್ನೂ ಒಟ್ಟಿಗೇ ತಂದಿತು. ಮುಂದೆ 2001ರ ಕಾಯ್ದೆ ದರವನ್ನು 30ಕ್ಕೆ ಇಳಿಸಿತು. 1961ರ ಕಾಯ್ದೆಯ ಬದಲಿಗೆ 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆಯೇ ಹೊರತು ಈ ಮೂವತ್ತು ಬದಲಾಗಿಲ್ಲ.

ಸಾಕ್ಷಿಯೇ ಇದರ ಮೂಲ ಎಂಬುದು ಕಾನೂನು ಕೊಟ್ಟ ವಿನಾಯಿತಿಗಳಿಂದ ಇನ್ನೂ ಸ್ಪಷ್ಟವಾಗುತ್ತದೆ. ರೇಸಿನ ಕುದುರೆಗಳನ್ನು ಸಾಕುವ ಮಾಲೀಕರಿಗೆ ಕಡಿತದ ನಿಷೇಧ ಅನ್ವಯಿಸುವುದಿಲ್ಲ. ಮೇವು, ಲಾಯ, ಪಶುವೈದ್ಯರು, ತರಬೇತುದಾರರ ಖರ್ಚನ್ನು ಅವರು ಕಳೆಯಬಹುದು. ಕುದುರೆ ಕಣ್ಣಿಗೆ ಕಾಣುತ್ತದೆ, ತಿನ್ನುತ್ತದೆ, ಅದರ ಖರ್ಚಿಗೆ ಬಿಲ್ಲಿರುತ್ತದೆ. ಅದನ್ನು ಸಾಕದೆ ಬಹುಮಾನವೂ ಬರುವುದಿಲ್ಲ. ಅದೇ ಕುದುರೆಯ ಮೇಲೆ ಗ್ಯಾಲರಿಯಲ್ಲಿ ನಿಂತು ಬಾಜಿ ಕಟ್ಟಿದವನಿಗೆ ಈ ಸೌಲಭ್ಯ ಇಲ್ಲ.

ಎರಡನೆಯದು 2023ರಲ್ಲಿ ಬಂತು. ಮೊಬೈಲಿನಲ್ಲಿ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಆಡುವವರ ಸಂಖ್ಯೆ ಬೆಳೆದಾಗ, ದಿನಕ್ಕೆ ಹತ್ತು ಸಲ ಸೋತು ಗೆಲ್ಲುವವರ ಪ್ರತಿ ಗೆಲುವಿನ ಮೇಲೂ ತೆರಿಗೆ ಹಾಕುವುದು ಅರ್ಥವಿಲ್ಲದ ಮಾತಾಯಿತು. ಆಗ ಆನ್‌ಲೈನ್ ಆಟಗಳಿಗೆ ಬೇರೆ ಸೆಕ್ಷನ್ ಮಾಡಿದರು. ದರ ಅದೇ 30, ಆದರೆ ‘ನಿವ್ವಳ ಗೆಲುವಿ’ನ ಮೇಲೆ. ಸೂತ್ರ ಸರಳವಾಗಿದೆ. ವರ್ಷದಲ್ಲಿ ಖಾತೆಯಿಂದ ತೆಗೆದ ಹಣಕ್ಕೆ ವರ್ಷದ ಕೊನೆಗೆ ಉಳಿದ ಮೊತ್ತ ಸೇರಿಸಿ, ಅದರಿಂದ ಆಟಗಾರ ತಾನು ಹಾಕಿದ ಹಣವನ್ನೂ ವರ್ಷದ ಆರಂಭದ ಶಿಲ್ಕನ್ನೂ ಕಳೆಯುವುದು. ಆರಂಭದಲ್ಲೂ ಕೊನೆಯಲ್ಲೂ ಖಾತೆ ಖಾಲಿ ಇದ್ದು, 50,000 ಹಾಕಿ 70,000 ತೆಗೆದಿದ್ದರೆ ನಿವ್ವಳ ಗೆಲುವು 20,000. ಮೂಲದಲ್ಲಿ ಹಿಡಿಯುವ ತೆರಿಗೆ 6,000. ಲಾಟರಿಗೆ ಸಿಗದ ನ್ಯಾಯ ಇದಕ್ಕೆ ಸಿಕ್ಕಿತು. ಇಲ್ಲಿ ಹಾಕಿದ ಪ್ರತಿ ರೂಪಾಯಿಯೂ ಕಂಪನಿಯ ಸರ್ವರಿನಲ್ಲಿ ಆಟಗಾರನ ಹೆಸರಿನ ಮುಂದೆ ದಾಖಲಾಗಿರುತ್ತದೆ. ಬೀದಿಯಿಂದ ಆರಿಸಿ ತರಲು ಏನೂ ಇಲ್ಲ.

ಆದರೆ ಅಲ್ಲೂ ಬಿಗಿ ಸಡಿಲಾದದ್ದು ಅರ್ಧಕ್ಕಷ್ಟೇ. ವರ್ಷದ ಲೆಕ್ಕ ನಷ್ಟದಲ್ಲಿ ಮುಗಿದರೆ ಆ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ, ಸಂಬಳದಲ್ಲೋ ಬಾಡಿಗೆಯಲ್ಲೋ ಕಳೆಯುವಂತಿಲ್ಲ. ನನಗೆ ಇದು ಸರಿಯೆಂದೇ ತೋರುತ್ತದೆ. ಜೂಜಿನ ಸೋಲನ್ನು ದುಡಿಮೆಯ ಆದಾಯದಿಂದ ಕಳೆಯಲು ಬಿಟ್ಟರೆ, ಆ ಸೋಲಿನ ಒಂದು ಪಾಲನ್ನು ಆಡದ ತೆರಿಗೆದಾರರೆಲ್ಲ ಹೊತ್ತಂತಾಗುತ್ತದೆ. ಆದರೆ ಗೆಲುವಿನ ವರ್ಷದಲ್ಲೇ ನಷ್ಟಕ್ಕೆ ಬಿದ್ದ ಕೂಲಿಯವನ ವಿಷಯದಲ್ಲಿ ಅದೇ ಮಾತು ಹೇಳಲು ನನಗೆ ಮನಸ್ಸಾಗುವುದಿಲ್ಲ. ಅವನಿಂದ ತೆಗೆದುಕೊಳ್ಳುತ್ತಿರುವುದು ಲಾಭದ ಪಾಲಲ್ಲ, ಅವನ ಕೂಲಿಯ ಪಾಲು. 2025ರಲ್ಲಿ ಸಂಸತ್ತು ಹಣ ಹೂಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ನಿವ್ವಳ ಲೆಕ್ಕದ ಸೌಲಭ್ಯ ಯಾರಿಗೆಂದು ಹುಟ್ಟಿತೋ ಆ ಆಟಕ್ಕೇ ಬಾಗಿಲು ಬಿದ್ದಿದೆ. ಸರ್ಕಾರವೇ ಅಚ್ಚು ಹಾಕಿಸಿ ಮಾರುವ ಕಾಗದದ ಟಿಕೆಟ್ಟಿಗೆ ಮಾತ್ರ 1986ರ ನಿಯಮವೇ ನಡೆಯುತ್ತಿದೆ. ಕೊಂಡವರ ಹೆಸರನ್ನೋ ಮೊಬೈಲ್ ಸಂಖ್ಯೆಯನ್ನೋ ಟಿಕೆಟ್ಟಿನ ಜೊತೆ ದಾಖಲಿಸುವುದು ಇವತ್ತು ಕಷ್ಟದ ಕೆಲಸವಲ್ಲ. ಹಾಗೆ ದಾಖಲಾದ ಟಿಕೆಟ್ಟುಗಳ ಬೆಲೆಯನ್ನಾದರೂ ಅದೇ ವರ್ಷದ ಬಹುಮಾನದಿಂದ ಕಳೆಯಲು ಬಿಟ್ಟರೆ, ಆ ಕೂಲಿಯವನು ಕಟ್ಟಬೇಕಾದ್ದು 27,000ದ ಮೇಲಿನ ತೆರಿಗೆ, ಸೆಸ್ ಸೇರಿ 8,424 ರೂಪಾಯಿ.